ಬೇಕರಿಯ ಮೂವತ್ತು ಸೆಕೆಂಡು: ಫೋನಿನಲ್ಲೇ ಎಡಿಟಿಂಗ್, ಪಕ್ಕದಲ್ಲೇ ಗಿರಾಕಿ

ವಿಡಿಯೊ ಎಡಿಟಿಂಗ್ ಕೆಲಸಕ್ಕೆ ಮೊದಲ ಗಿರಾಕಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ನೀವು ನಿತ್ಯ ಬನ್ನು ಕೊಳ್ಳುವ ಬೇಕರಿಯೇ ಸಾಕು. ಮಾಲೀಕರ ಒಪ್ಪಿಗೆ ಪಡೆದು, ಖಾರಾ ಬನ್ನಿನ ಟ್ರೇ ಹೊರಬರುವ ಹೊತ್ತಿಗೆ ಹೋಗಿ, 30 ಸೆಕೆಂಡಿನ ಒಂದು ವಿಡಿಯೊವನ್ನು ಮಾದರಿಯಾಗಿ ಮಾಡಿಕೊಡಿ.

ಫೋನನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದು, ಐದಾರು ಸೆಕೆಂಡಿನ ಹನ್ನೆರಡು ತುಣುಕುಗಳನ್ನು ಚಿತ್ರೀಕರಿಸಿದರೆ ಸಾಕು. ಬೇಕರಿಯ ದೀಪಗಳ ಕೆಳಗೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಂತೆ ಕಂಡರೆ, ಅದು ಫೋನಿನ ದೋಷವಲ್ಲ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಬೆಳಕು ಮಿನುಗುತ್ತಿರುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಎಡಿಟಿಂಗ್‌ನಲ್ಲಿ ಅವನ್ನು ಅಳಿಸುವುದು ಬಹಳ ಕಷ್ಟವಾದ್ದರಿಂದ, ಮೊದಲ ತುಣುಕನ್ನು ಅಲ್ಲೇ ನೋಡಿಬಿಡಿ.

ವಿಎನ್ ಅಥವಾ ಇನ್‌ಶಾಟ್‌ನಂತಹ ಆ್ಯಪ್‌ನಲ್ಲಿ ತುಣುಕುಗಳನ್ನು ಜೋಡಿಸುವಾಗ, ಬನ್ನನ್ನು ಮುರಿದಾಗ ಹಬೆ ಏಳುವ ಶಾಟನ್ನೇ ಮೊದಲಿಗಿಡಿ. ಅಂಗಡಿಯ ಬೋರ್ಡು ಕೊನೆಗೆ ಬರಲಿ, ಮಾಲೀಕರು ಅದನ್ನೇ ಮೊದಲು ಕೇಳುತ್ತಾರಾದರೂ. ಉಳಿದವನ್ನು ಎರಡು ಮೂರು ಸೆಕೆಂಡಿಗೆ ಇಳಿಸಿ, ಕೈ ಚಲಿಸುತ್ತಿರುವಾಗಲೇ ಕತ್ತರಿಸಿದರೆ ಜೋಡಣೆ ಕಣ್ಣಿಗೆ ಎದ್ದು ಕಾಣುವುದಿಲ್ಲ. ಸಿನಿಮಾ ಹಾಡನ್ನು ಬಳಸಬೇಡಿ: ಅಂಗಡಿಯ ಜಾಹೀರಾತಿಗೆ ಅದರ ಹಕ್ಕು ಬೇರೆಯೇ ಬೇಕಾಗುತ್ತದೆ, ಇಲ್ಲದಿದ್ದರೆ ಧ್ವನಿ ತೆಗೆದುಹಾಕಲ್ಪಡಬಹುದು.

ಕನ್ನಡ ಅಕ್ಷರಗಳಲ್ಲಿ ಹೆಚ್ಚು ಎಚ್ಚರ ಬೇಕು. ‘ಬೆಣ್ಣೆ ಬಿಸ್ಕತ್ತು’ ಎಂದು ಟೈಪಿಸಿ ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದರೆ ಫಾಂಟ್ ಬದಲಿಸಿ, ನೋಟೊ ಸಾನ್ಸ್ ಕನ್ನಡದಂತಹ ಯುನಿಕೋಡ್ ಫಾಂಟ್ ಪ್ರಯತ್ನಿಸಿ. ಮುದ್ರಣದ ಅಂಗಡಿಯಿಂದ ಬಂದ ಬೆಲೆಪಟ್ಟಿ ಹಳೆಯ ನುಡಿ ಫಾಂಟಿನಲ್ಲಿದ್ದರೆ, ನಕಲು ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ; ಅದನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವೇ ಹೊಸದಾಗಿ ಟೈಪಿಸಬೇಕು. ಪರದೆಯ ಕೆಳಗಿನ ಐದನೇ ಒಂದು ಭಾಗವನ್ನು ಖಾಲಿ ಬಿಡಿ, ರೀಲ್ಸ್‌ನ ಶೀರ್ಷಿಕೆ ಅಲ್ಲಿ ಕೂರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಶಾಟ್‌ಕಟ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವವರಿಗೆ ಮಾತು ಮತ್ತು ತುಟಿ ಹೊಂದದಿದ್ದರೆ, ಫೋನಿನ ಫ್ರೇಮ್ ವೇಗ ಏರಿಳಿಯುವುದೇ ಸಾಮಾನ್ಯವಾಗಿ ಕಾರಣ. ಆ ವೇಗ ಒಂದೇ ಸಮನಾಗುವಂತೆ ಕಡತವನ್ನು ಎಡಿಟಿಂಗಿಗೆ ಮೊದಲೇ ಪರಿವರ್ತಿಸಿಕೊಳ್ಳಬೇಕು.

ಸಿದ್ಧವಾದ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಕುಗ್ಗಿ ಮಸುಕಾಗುತ್ತದೆ. ಮಾಲೀಕರ ಫೋನಿನಲ್ಲೇ ಅದನ್ನು ತೋರಿಸಿ, ತಿಂಗಳಿಗೆ ನಾಲ್ಕು ವಿಡಿಯೊದ ಮಾತು ತೆಗೆಯಿರಿ. ಒಂದಕ್ಕೆ ಚಿತ್ರೀಕರಣ, ಎಡಿಟಿಂಗ್, ತಿದ್ದುಪಡಿ ಸೇರಿ ಐದು ಗಂಟೆ ಹಿಡಿದರೆ, ಗಂಟೆಗೆ 200 ರೂಪಾಯಿಯಂತೆ ಲೆಕ್ಕ 1,000 ರೂಪಾಯಿಗೆ ಬರುತ್ತದೆ. ನಿಮ್ಮೂರಿನ ದರಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಅರ್ಧ ಹಣ ಮುಂಗಡ, ತಿದ್ದುಪಡಿ ಎರಡು ಸಲ ಮಾತ್ರ ಎಂಬುದನ್ನು ಸಂದೇಶದಲ್ಲೇ ಬರೆದು ಒಪ್ಪಿಗೆ ಪಡೆಯಿರಿ. ಬಾಯಿಮಾತಿನಲ್ಲಿ ಬಿಟ್ಟರೆ ಆರನೇ ತಿದ್ದುಪಡಿಯೂ ‘ಚಿಕ್ಕದೊಂದು’ ಎಂದೇ ಬರುತ್ತದೆ. ಬೆಲೆ ಬರೆದ ಅಕ್ಷರಗಳನ್ನು ಪ್ರತ್ಯೇಕ ಪದರದಲ್ಲಿಟ್ಟು ಪ್ರಾಜೆಕ್ಟ್ ಕಡತವನ್ನು ಉಳಿಸಿಕೊಳ್ಳಿ; ಬನ್ನಿನ ಬೆಲೆ ಏರಿದ ದಿನ ಹತ್ತು ನಿಮಿಷದಲ್ಲಿ ಹೊಸ ವಿಡಿಯೊ ಕೈಗೆ ಕೊಡಬಹುದು.