ಹಿಪ್ ರೂಫಿಗೆ ಶೀಟ್ ಲೆಕ್ಕ: ನಾನು ಹಾಕುವ ರೀತಿ

ನಾಲ್ಕು ಕಡೆಗೂ ಇಳಿಯುವ ಹಿಪ್ ರೂಫಿನ ಮೊದಲ ಕೆಲಸದಲ್ಲಿ ನನಗೆ ಚಾವಣಿಯ ನೆತ್ತಿಯ ಗೆರೆಗೂ ಮೂಲೆಯ ಗೆರೆಗಳಿಗೂ ಹಾಕುವ ರಿಡ್ಜ್ ಕವರ್ ಸಾಲದೆ ಬಂತು. ಮೂಲೆಯಿಂದ ನೆತ್ತಿಯ ರಿಡ್ಜಿಗೆ ಏರುವ ಹಿಪ್ ಗೆರೆಯ ಉದ್ದವನ್ನು ಪ್ಲಾನಿನ ಮೇಲೆಯೇ ಅಳೆದಿದ್ದೆ. ಅದು ಮೇಲಕ್ಕೂ ಏರುತ್ತದೆ ಎಂಬುದು ಲೆಕ್ಕದಲ್ಲಿ ಸೇರಿರಲಿಲ್ಲ.

ಈಗ ಹೇಗೆ ಮಾಡುತ್ತೇನೆಂದು ಒಂದು ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಗೋಡೆಯ ಹೊರ ಅಳತೆ 10.8 × 6.8 ಮೀಟರ್, ಸುತ್ತಲೂ 60 ಸೆಂ.ಮೀ. ಸೂರು. ಗೋಡೆಯ ಅಳತೆಯನ್ನು ಅಲ್ಲಿಗೇ ಬಿಟ್ಟು ಸೂರಿನ ಅಂಚಿನ 12 × 8 ಹಿಡಿಯುತ್ತೇನೆ. ಅಗಲದ ಅರ್ಧ 4 ಮೀಟರ್. 2 ಮೀಟರ್ ಓಡಿದರೆ 1 ಮೀಟರ್ ಏರುವ ಇಳಿಜಾರಾದ್ದರಿಂದ ರಿಡ್ಜಿನ ಎತ್ತರ 2 ಮೀಟರ್.

ನಾಲ್ಕೂ ಮುಖಗಳ ಇಳಿಜಾರು ಒಂದೇ ಆದಾಗ ರಿಡ್ಜಿನ ಉದ್ದ 12 − 8 = 4 ಮೀಟರ್. ಸೂರಿನಿಂದ ರಿಡ್ಜಿಗೆ ನೇರ ಓರೆ √(4² + 2²) = 4.47. ಹಿಪ್ ಮಾತ್ರ √(4² + 4² + 2²) = 6. ಪ್ಲಾನಿನಲ್ಲಿ ಅದು 5.66 ಮಾತ್ರ ಕಾಣುತ್ತದೆ; ನಾಲ್ಕು ಹಿಪ್‌ಗೆ ಸೇರಿ 1.36 ಮೀಟರ್ ಕೊರತೆ. ನಾನು ಎಡವಿದ್ದೇ ಇಲ್ಲಿ.

ಶೀಟ್ ಮುಚ್ಚುವ ಅಗಲ, ಪಕ್ಕದ ಶೀಟಿನ ಮೇಲೆ ಕೂರುವ ಲ್ಯಾಪ್ ಕಳೆದು, 1 ಮೀಟರ್ ಎನ್ನೋಣ. ಉದ್ದದ ಎರಡು ಮುಖಗಳ ನಡುವೆ ತಲಾ 4 ಪೂರ್ತಿ ಶೀಟ್, ಒಟ್ಟು 8. ಉಳಿದದ್ದು ಎಂಟು ತ್ರಿಕೋನ ತುದಿಗಳು: ಉದ್ದದ ಮುಖಗಳ ನಾಲ್ಕು ತುದಿ, ಗಿಡ್ಡ ಮುಖಗಳನ್ನು ನಡುವೆ ಸೀಳಿದರೆ ಸಿಗುವ ನಾಲ್ಕು ಅರ್ಧ. ಪ್ರತಿ ತುದಿಯ ನಾಲ್ಕು ಪಟ್ಟಿಗಳ ಉದ್ದನೆಯ ಅಂಚು 1.12, 2.24, 3.35, 4.47. ಒಂದೊಂದಕ್ಕೂ ಬೇರೆ ಶೀಟ್ ತರಿಸಿದರೆ ಓರೆ ಕತ್ತರಿಸಿದ ಮೇಲಿನ ತುಂಡೆಲ್ಲ ವ್ಯರ್ಥ. ನಾನು ಜೋಡಿ ಮಾಡುತ್ತೇನೆ: 4.47ರ ಪಟ್ಟಿ ಕತ್ತರಿಸಿದಾಗ ಉಳಿಯುವ ತುಂಡೇ ತಿರುಗಿಸಿದರೆ 1.12ರ ಪಟ್ಟಿ, 3.35ಕ್ಕೆ ಉಳಿದದ್ದು 2.24ಕ್ಕೆ. ಅಂದರೆ ತುದಿಗೆ ಎರಡೇ ಶೀಟ್, ಎಂಟಕ್ಕೆ 16, ಒಟ್ಟು 24. ಮೇಲೊಂದು ಹೆಚ್ಚುವರಿ ಹಾಕಿ 25 ಬರೆಯುತ್ತೇನೆ.

ಇದಕ್ಕೊಂದು ಮಿತಿಯಿದೆ. ತುಂಡನ್ನು ತಲೆಕೆಳಗು ತಿರುಗಿಸಿದಾಗ ಎಡದ ಅಂಚು ಬಲಕ್ಕೆ ಬರುತ್ತದೆ. ಎರಡೂ ಅಂಚು ಒಂದೇ ಆಕಾರದ ಅಲೆ ಶೀಟಿಗೆ ತೊಂದರೆಯಿಲ್ಲ. ಲ್ಯಾಪಿನ ಅಂಚು ಒಂದೇ ಬದಿಗೆ ಇರುವ ಶೀಟಾದರೆ ಮೇಲೆ ಕೂರಬೇಕಾದ ಅಂಚು ಕೆಳಗೆ ಹೋಗಿ ನೀರು ಒಳಗಿಳಿಯುತ್ತದೆ. ಮಗುಚಿ ಹಾಕಿದರೆ ಬಣ್ಣದ ಮುಖ ಅಡಿಗೆ. ಅಂಥ ಶೀಟಿಗೆ ಜೋಡಿ ಲೆಕ್ಕ ಬಿಟ್ಟು ಪ್ರತಿ ಪಟ್ಟಿಗೂ ಅದರ ಉದ್ದನೆಯ ಅಂಚಿನಷ್ಟು ಶೀಟ್ ತರಿಸುತ್ತೇನೆ; ಚಾವಣಿಯ ವಿಸ್ತೀರ್ಣಕ್ಕಿಂತ ಸುಮಾರು 17% ಹೆಚ್ಚು ಬೇಕಾಗುತ್ತದೆ.

ಶೀಟಿನ ಉದ್ದವನ್ನೂ 4.47 ಎಂದು ಬರೆಯುವುದಿಲ್ಲ. ಒಂದೇ ಶೀಟಿನ ಎರಡು ತುಂಡೂ ಸೂರಿನಾಚೆ ತಲಾ 5 ಸೆಂ.ಮೀ. ಚಾಚಬೇಕು, ಲ್ಯಾಪಿನ ಅಗಲವೂ ಓರೆಗೆ ಸಿಕ್ಕಿ ಜೋಡಿ ತುಂಡು ಸುಮಾರು 8 ಸೆಂ.ಮೀ. ಕುಗ್ಗುತ್ತದೆ. ಅದಕ್ಕೇ 4.65.

ರಿಡ್ಜ್ ಕವರ್ 4 + 24 = 28 ಮೀಟರ್. 3 ಮೀಟರಿನ ತುಂಡು 15 ಸೆಂ.ಮೀ. ಲ್ಯಾಪ್ ಕಳೆದರೆ 2.85 ಮುಚ್ಚುತ್ತದೆ. ಭಾಗಿಸಿದರೆ 10. ಆದರೆ ಒಂದು ಹಿಪ್‌ಗೆ ಎರಡು ತುಂಡು ಜೋಡಿಸಿದರೆ 5.85 ಮಾತ್ರ, 15 ಸೆಂ.ಮೀ. ಬಾಕಿ. ಆ ನಾಲ್ಕು ಕಿರು ತುಂಡುಗಳ ಜೊತೆ, ರಿಡ್ಜಿನ ತುದಿಯಲ್ಲಿ ಮೂರು ಕವರ್ ಸೇರುವಲ್ಲಿ ಕತ್ತರಿಸಿ ಹೋಗುವುದೂ ಇದೆ. ಆದ್ದರಿಂದ 11 ತರಿಸುತ್ತೇನೆ.