ಹಾಕಿದ್ದು ಇಪ್ಪತ್ತೈದು ಪರ್ಸೆಂಟ್, ಸಿಕ್ಕಿದ್ದು ಇಪ್ಪತ್ತು

ತಿಪಟೂರಿನಲ್ಲಿ ನನ್ನದೊಂದು ಸಣ್ಣ ರೆಡಿಮೇಡ್ ಬಟ್ಟೆ ಅಂಗಡಿ ಇದೆ. ಷರ್ಟು, ಪ್ಯಾಂಟು, ಮಕ್ಕಳ ಬಟ್ಟೆ, ಒಂದಿಷ್ಟು ಬನಿಯನ್ನು. ಮಾಲು ತರುವುದು ಬೆಂಗಳೂರಿನ ಚಿಕ್ಕಪೇಟೆಯಿಂದ. ಶುರುವಿನಲ್ಲಿ ನನ್ನ ಲೆಕ್ಕ ಬಹಳ ಸುಲಭವಾಗಿತ್ತು. ಬಿಲ್ಲಿನ ಬೆಲೆಗೆ ಲಾರಿ ಬಾಡಿಗೆ, ಹಮಾಲಿ ಸೇರಿಸಿ ಅಸಲು ಎಷ್ಟಾಯಿತು ಅಂತ ನೋಡುವುದು, ಅದರ ಮೇಲೆ 25 ಪರ್ಸೆಂಟ್ ಹಾಕಿ ಲೇಬಲ್ ಅಂಟಿಸುವುದು. 400ಕ್ಕೆ ಬಿದ್ದ ಷರ್ಟಿಗೆ 500. ಫಿಕ್ಸೆಡ್ ರೇಟ್ ಅಂತ ಬೋರ್ಡ್ ಬೇರೆ ಹಾಕಿದ್ದೆ, ಚೌಕಾಸಿ ಇಲ್ಲ.

ಮೊದಲ ವರ್ಷದ ಮಾರ್ಚ್ ಕೊನೆಯಲ್ಲಿ ಕೂತು ಲೆಕ್ಕ ಹಾಕಿದೆ. ಒಟ್ಟು ಮಾರಾಟ 18 ಲಕ್ಷ. 25 ಪರ್ಸೆಂಟ್ ಅಂದರೆ ನಾಲ್ಕೂವರೆ ಲಕ್ಷ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಸೇರಿ ವರ್ಷಕ್ಕೆ 2,40,000 ಖರ್ಚು. ಅದು ಹೋದರೆ 2,10,000 ಉಳಿದಿರಬೇಕು. ಆದರೆ ಮನೆಗೆ ತೆಗೆದದ್ದು, ಬ್ಯಾಂಕಿನಲ್ಲಿ ಇರುವುದು, ಹೆಚ್ಚಾದ ಸ್ಟಾಕು ಎಲ್ಲ ಕೂಡಿಸಿದರೂ 1,20,000ದ ಹತ್ತಿರವೇ ನಿಂತಿತು. 90,000 ಎಲ್ಲಿ ಹೋಯಿತು?

ಹೇಳಲು ನಾಚಿಕೆ. ನನ್ನ ಅನುಮಾನ ಹೋಗಿದ್ದು ಅಂಗಡಿ ಹುಡುಗನ ಮೇಲೆ. ನಾನು ಊಟಕ್ಕೆ ಹೋದಾಗ ಗಲ್ಲಾದಲ್ಲಿ ಕೂರುತ್ತಿದ್ದವನು ಅವನೇ. ಹದಿನೈದು ದಿನ ಊಟಕ್ಕೇ ಹೋಗದೆ, ಡಬ್ಬಿ ತರಿಸಿಕೊಂಡು, ಅವನ ಕೈ ನೋಡುತ್ತಾ ಕೂತಿದ್ದೆ. ಅವನಿಗೂ ಗೊತ್ತಾಗಿತ್ತು ಅನ್ನಿಸುತ್ತದೆ, ಮಾತು ಕಡಿಮೆ ಮಾಡಿದ್ದ.

ಕೊನೆಗೆ ನಮ್ಮ ಲೆಕ್ಕ ಬರೆದುಕೊಡುವ ಹಿರಿಯರ ಹತ್ತಿರ ಪುಸ್ತಕ ತೆಗೆದುಕೊಂಡು ಹೋದೆ. ಅವರು ಪುಸ್ತಕ ತೆರೆಯಲೇ ಇಲ್ಲ. "ಒಂದು ಷರ್ಟಿನ ಲೆಕ್ಕ ಹೇಳಪ್ಪಾ" ಅಂದರು. 400 ಅಸಲು, 500 ಮಾರಾಟ, ಲಾಭ 100 ಅಂದೆ. "ಗಲ್ಲಾಕ್ಕೆ ಬಂದದ್ದು ಐನೂರು. ಅದರಲ್ಲಿ ನಿನ್ನದು ನೂರು. ಐನೂರಕ್ಕೆ ನೂರು ಎಷ್ಟು ಪರ್ಸೆಂಟು?" ಇಪ್ಪತ್ತು. ಅಷ್ಟೇ. 18 ಲಕ್ಷಕ್ಕೆ 20 ಪರ್ಸೆಂಟ್ 3,60,000, ಖರ್ಚು ಕಳೆದರೆ 1,20,000. ಒಂದು ರೂಪಾಯಿಯೂ ಕಳವಾಗಿರಲಿಲ್ಲ. ಆ ತೊಂಬತ್ತು ಸಾವಿರ ಯಾವತ್ತೂ ಇರಲೇ ಇಲ್ಲ.

ನಾನು ಮಾಡಿದ ತಪ್ಪು ಇಷ್ಟೇ: ಪರ್ಸೆಂಟ್ ಹಾಕಿದ್ದು ಅಸಲಿನ ಮೇಲೆ, ವರ್ಷದ ಕೊನೆಗೆ ಅದೇ ಪರ್ಸೆಂಟ್ ತೆಗೆದದ್ದು ಮಾರಾಟದ ಮೇಲೆ. ಸ್ಕೂಲಿನಲ್ಲಿ ಲಾಭದ ಶೇಕಡಾ ಯಾವಾಗಲೂ ಕೊಂಡ ಬೆಲೆಯ ಮೇಲೇ ಕಲಿಸಿದ್ದು, ಅದೇನೂ ತಪ್ಪಲ್ಲ. ಆದರೆ ಅಂಗಡಿಯಲ್ಲಿ ದಿನಾ ಕಣ್ಣಿಗೆ ಬೀಳುವುದು ಗಲ್ಲಾದ ದುಡ್ಡು, ಅಂದರೆ ಮಾರಾಟ. ಬಾಡಿಗೆ ಕೊಡುವುದೂ ಅದರಿಂದಲೇ, ಡಿಸ್ಕೌಂಟ್ ಕೊಡುವುದೂ ಮಾರಾಟದ ಬೆಲೆಯಲ್ಲೇ.

ಅವರು ಹೇಳಿಕೊಟ್ಟ ಒಂದು ಬಾಯಿಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಅಸಲನ್ನು ನಾಲ್ಕು ಪಾಲು ಅಂದುಕೊಳ್ಳಿ, ಅದಕ್ಕೆ ಒಂದು ಪಾಲು ಲಾಭ ಸೇರಿಸಿದರೆ ಮಾರಾಟ ಐದು ಪಾಲು. ನಾಲ್ಕಕ್ಕೆ ಒಂದು ಆಗಿದ್ದ ಲಾಭ ಗಲ್ಲಾದಲ್ಲಿ ಐದಕ್ಕೆ ಒಂದು. ಹಾಗೇ ಅಸಲಿನ ಮೂರಕ್ಕೆ ಒಂದು ಹಾಕಿದರೆ ಮಾರಾಟದ ನಾಲ್ಕಕ್ಕೆ ಒಂದು, ಅರ್ಧ ಹಾಕಿದರೆ ಮೂರಕ್ಕೆ ಒಂದು. ನೂರಕ್ಕೆ ನೂರು ಹಾಕಿದರೂ ಮಾರಾಟದಲ್ಲಿ ಐವತ್ತೇ ಪರ್ಸೆಂಟ್. ಸಕ್ಕರೆ, ಎಣ್ಣೆ ಮಾರುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಯಾಕೆಂದರೆ 5 ಪರ್ಸೆಂಟ್ ಹಾಕಿದರೆ ಮಾರಾಟದ ಮೇಲೆ 4.76 ಬರುತ್ತದೆ, ವ್ಯತ್ಯಾಸ ಕಾಣುವುದೇ ಇಲ್ಲ. ಬಟ್ಟೆ, ಫ್ಯಾನ್ಸಿ ಸಾಮಾನು, ಚಪ್ಪಲಿ ಇವುಗಳಲ್ಲಿ ಪರ್ಸೆಂಟ್ ದೊಡ್ಡದು, ಅಂತರವೂ ದೊಡ್ಡದು.

ಅವರ ಮನೆಯಿಂದ ವಾಪಸ್ ಬರುವಾಗ ನೆನಪಾಯಿತು, ಆಷಾಢದ ಸೇಲ್‌ಗೆ ಅಂತ 20 ಪರ್ಸೆಂಟ್ ಡಿಸ್ಕೌಂಟ್ ಬ್ಯಾನರ್ ಆಗಲೇ ಬರೆಸಿಟ್ಟಿದ್ದೆ. 25 ಹಾಕಿದ್ದೀನಿ, 20 ಬಿಟ್ಟರೂ 5 ಉಳಿಯುತ್ತದೆ ಅಂತ ನನ್ನ ಎಣಿಕೆ. ಉಳಿಯುತ್ತಿದ್ದದ್ದು ಏನು ಗೊತ್ತಾ? 500ಕ್ಕೆ 20 ಪರ್ಸೆಂಟ್ ಅಂದರೆ 100, ಷರ್ಟು ಹೋಗುತ್ತಿದ್ದದ್ದು 400ಕ್ಕೆ. ಪೂರಾ ಸೊನ್ನೆ. ಕವರ್ ಖರ್ಚು ಕೈಯಿಂದ. ಗಿರಾಕಿ ಇನ್ನೊಂದು ಸ್ವಲ್ಪ ಬಿಡಿ ಅಂತ ಕೇಳಿ 25 ಪರ್ಸೆಂಟ್ ಬಿಟ್ಟಿದ್ದರೆ 375, ಷರ್ಟಿಗೆ 25 ರೂಪಾಯಿ ನಷ್ಟ. ಬ್ಯಾನರ್ ಹಾಗೇ ಅಟ್ಟಕ್ಕೆ ಹೋಯಿತು.

ಈಗ ಲೇಬಲ್ ಬೆಲೆ ತೆಗೆಯುವ ರೀತಿಯನ್ನೇ ತಿರುಗಿಸಿದ್ದೇನೆ. ಮಾರಾಟದಲ್ಲಿ ನನಗೆ ಎಷ್ಟು ಪರ್ಸೆಂಟ್ ಬೇಕು ಅಂತ ಮೊದಲು ಗೊತ್ತುಮಾಡಿಕೊಳ್ಳುತ್ತೇನೆ, ಅದನ್ನು ನೂರರಲ್ಲಿ ಕಳೆದು, ಉಳಿದದ್ದರಿಂದ ಅಸಲನ್ನು ಭಾಗಿಸುತ್ತೇನೆ. 25 ಬೇಕಿದ್ದರೆ ಉಳಿಯುವುದು 75 ಪರ್ಸೆಂಟ್, ಅಂದರೆ 0.75:

```
400 ÷ 0.75 = 533.33
```

ಲೇಬಲ್ಲಿಗೆ 540. ಡಿಸ್ಕೌಂಟ್ ಕೊಡುವ ಮಾಲಾದರೆ ಇನ್ನೊಂದು ಸಲ ಭಾಗಿಸಬೇಕು. 10 ಪರ್ಸೆಂಟ್ ಬಿಟ್ಟ ಮೇಲೂ 20 ಉಳಿಯಬೇಕು ಅಂದುಕೊಳ್ಳಿ. 400ನ್ನು 0.80ರಿಂದ ಭಾಗಿಸಿದರೆ 500, ಅದನ್ನು 0.90ರಿಂದ ಭಾಗಿಸಿದರೆ 555.56. 560 ಅಂತ ಬರೆದು 10 ಪರ್ಸೆಂಟ್ ಬಿಟ್ಟರೆ ಕೈಗೆ 504 ಬರುತ್ತದೆ. ಸರಿಯಾಯಿತು ಅಲ್ವಾ. ಲೇಬಲ್ ಬೆಲೆಯಲ್ಲಿ ಜಿಎಸ್‌ಟಿ ಸೇರಿದ್ದರೆ ಅದನ್ನು ಮೊದಲು ತೆಗೆದಿಟ್ಟು ಲೆಕ್ಕ ಮಾಡಿ, ಆ ದುಡ್ಡು ನಮ್ಮದಲ್ಲ.

ಬನಿಯನ್ನು ಕೊಡುವ ಸೇಲ್ಸ್‌ನವನ ಭಾಷೆ ಮತ್ತೆ ಬೇರೆ. ಅವನು 25 ಪರ್ಸೆಂಟ್ ಮಾರ್ಜಿನ್ ಅಂದರೆ ಎಂಆರ್‌ಪಿ ಮೇಲೆ. 200ರ ಬನಿಯನ್ನು ನಮಗೆ 150ಕ್ಕೆ. ಅಸಲಿನ ಮೇಲೆ ನೋಡಿದರೆ ಅದು 33 ಪರ್ಸೆಂಟ್ ಆಯಿತು. ಅವನ 25 ಮತ್ತು ನನ್ನ ಹಳೆಯ 25 ಎರಡೂ ಒಂದೇ ಅಂತ ವರ್ಷಪೂರ್ತಿ ನಂಬಿದ್ದೆ, ಷರ್ಟಿಗಿಂತ ಬನಿಯನ್ನಿನಲ್ಲೇ ಜಾಸ್ತಿ ಸಿಗುತ್ತಿದೆ ಅಂತ ಗೊತ್ತೇ ಆಗಿರಲಿಲ್ಲ. ಈಗ ಯಾರೇ ಪರ್ಸೆಂಟ್ ಮಾತಾಡಿದರೂ "ಯಾವುದರ ಮೇಲೆ?" ಅಂತ ಕೇಳಿಬಿಡುತ್ತೇನೆ. ಉತ್ತರ ತಡವರಿಸಿದರೆ ಒಂದು ಪೀಸಿಗೆ ನನಗೆ ಎಷ್ಟು ರೂಪಾಯಿ ಬೀಳುತ್ತದೆ, ಎಷ್ಟಕ್ಕೆ ಮಾರಬೇಕು ಅಂತ ರೂಪಾಯಿಯಲ್ಲೇ ಹೇಳಿಸುತ್ತೇನೆ.

ಲೇಬಲ್ ಬರೆಯುವ ಕೆಲಸ ಈಗ ಆ ಹುಡುಗನದೇ. ಮೂಲೆಯಲ್ಲಿ ಅಸಲಿನ ಗುಟ್ಟಿನ ಅಕ್ಷರ ಹಾಕುವುದನ್ನೂ ಅವನಿಗೇ ಕಲಿಸಿದ್ದೇನೆ. ಮೊನ್ನೆ ಹೊಸ ಮಾಲು ಬಿಚ್ಚುವಾಗ ಕೂಗಿದ, "ಅಣ್ಣಾ, 400 ಪ್ಲಸ್ 25 ಪರ್ಸೆಂಟ್ ಒತ್ತಿದ್ರೆ ಫೋನಲ್ಲಿ 500 ಬರ್ತಿದೆ, ಈ ಟೇಬಲ್ ಕ್ಯಾಲ್ಕುಲೇಟರಲ್ಲಿ 533 ಬರ್ತಿದೆ. ಇದು ಕೆಟ್ಟಿದೆಯಾ?" ನೋಡಿದೆ, ನಿಜ. ಕೆಲವು ಟೇಬಲ್ ಕ್ಯಾಲ್ಕುಲೇಟರ್‌ಗಳಲ್ಲಿ ಪ್ಲಸ್ ಆದ ಮೇಲೆ ಪರ್ಸೆಂಟ್ ಗುಂಡಿ ಒತ್ತಿದರೆ ಅದು ಮಾರಾಟದ ಮೇಲಿನ ಲಾಭ ಅಂತಲೇ ತಿಳಿದು ಭಾಗಿಸಿಬಿಡುತ್ತದೆ. ಆ ಮಷೀನು ಮೊದಲ ದಿನದಿಂದ ನನ್ನ ಮೇಜಿನ ಮೇಲೇ ಇತ್ತು, ಸುಮ್ನೆ ಫೋನಿನಲ್ಲಿ ಒತ್ತಿಕೊಂಡು ಕೂತಿದ್ದವನು ನಾನು.

"ಕೆಟ್ಟಿಲ್ಲ ಕಣೋ," ಅಂದೆ, "540 ಅಂತ ಬರಿ."