ತಾರಸ್ಥಾಯಿಯಲ್ಲಿ ಒಡೆಯುತ್ತಿದ್ದ ಶಾರೀರ: ಲೆವೆಲ್ ಪೈಪು ಮತ್ತು ಒಂದು ಲೋಟ ನೀರಿನಿಂದ ಸರಿಮಾಡಿದ ಬಗೆ

ನನ್ನ ಹತ್ತಿರ ಪಾಠಕ್ಕೆ ಬರುವ ಮಂಡ್ಯದ ಹುಡುಗನೊಬ್ಬ ಈ ಸಲ ಗಣೇಶನ ಪೆಂಡಾಲಿನಲ್ಲಿ ಒಂದೂವರೆ ಗಂಟೆ ಶಂಕರಾಭರಣ, ಕಲ್ಯಾಣಿ ಎಲ್ಲ ಹಾಡಿ ಇಳಿದ. ತಾರಸ್ಥಾಯಿಯಲ್ಲಿ ಒಂದು ಕಡೆಯೂ ಶಾರೀರ ಒಡೆಯಲಿಲ್ಲ. ಎರಡು ವರ್ಷದ ಹಿಂದೆ ಇವನನ್ನು ಕೇಳಿ "ಶಾರೀರ ಅನ್ನೋದು ಹುಟ್ಟಿನಿಂದ ಬರಬೇಕು ಕಣ್ರೀ, ಇವನಿಗೆ ತಾರಸ್ಥಾಯಿ ದಕ್ಕೋದಿಲ್ಲ" ಅಂದಿದ್ದ ಇಬ್ಬರು ಪಾಠದ ಮೇಷ್ಟ್ರುಗಳೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪಾಠ ಹೇಳುವವರಿಗಾಗಿ ಬರೆದದ್ದು, ಸರಳೆ ವರಸೆಯಿಂದ ಶುರುಮಾಡುವುದಿಲ್ಲ.

ಹುಡುಗ ಎಂದರೆ ಮೂವತ್ತರ ಆಸುಪಾಸು, ಕೆಲಸದಲ್ಲಿರುವವನು. ಭಾನುವಾರದ ರೈಲಿಗೆ ಮೈಸೂರಿನ ಕುವೆಂಪುನಗರಕ್ಕೆ ಬರುತ್ತಿದ್ದ. ಮೊದಲು ಕಲಿತ ಕಡೆ ಅವನ ಗುರುಗಳ ಶ್ರುತಿ ಎರಡು ಮನೆ, ಆದ್ದರಿಂದ ಇವನದೂ ಎರಡು ಮನೆ. ಶಾರೀರದ ಬಣ್ಣ ತೆಳು, ಹಾಗಾಗಿ ಎಲ್ಲರೂ ಇವನನ್ನು ಟೆನರ್, ಅಂದರೆ ಏರುಮಟ್ಟದ ಗಂಡುದನಿ ಎಂದುಕೊಂಡಿದ್ದರು. ಮಾತಾಡುವ ದನಿ ಮಾತ್ರ ಕೆಳಗೆ, ಮಂದ್ರ ಪಂಚಮ ಕಂಬದ ಹಾಗೆ ನಿಲ್ಲುತ್ತಿತ್ತು. ನನಗೆ ಅನುಮಾನ ಬಂದದ್ದೇ ಅಲ್ಲಿ.

ಮೊದಲ ದಿನ ಮಾಡಿಸಿದ್ದು ಒಂದೇ ಕೆಲಸ. ಶಂಕರಾಭರಣದ ಹೆಚ್ಚುಸ್ಥಾಯಿ ವರಸೆಯನ್ನು ಬೇರೆ ಬೇರೆ ಶ್ರುತಿಯಲ್ಲಿ ಹಾಡಿಸಿ, ಎಲ್ಲಿ ಒಡೆಯುತ್ತದೆ ಎಂದು ಹಾರ್ಮೋನಿಯಂ ಮೇಲೆ ಗುರುತು ಹಾಕಿಕೊಂಡೆ. ಎರಡು ಮನೆಯಲ್ಲಿ ತಾರಸ್ಥಾಯಿ ಚತುಶ್ರುತಿ ರಿಷಭಕ್ಕೆ ಒಡೆಯಿತು. ಒಂದು ಮನೆಗೆ ಇಳಿಸಿದರೆ ಅಂತರ ಗಾಂಧಾರಕ್ಕೆ. ಕೆಳಗಿನ ಏಳು ಮನೆಯಲ್ಲಿ ಶುದ್ಧ ಮಧ್ಯಮಕ್ಕೆ. ಸ್ವರದ ಹೆಸರು ಮೂರು, ಹಾರ್ಮೋನಿಯಂ ಮೇಲೆ ಮಾತ್ರ ಅದೇ ಮೂರನೇ ಬಿಳಿ ಮನೆ, ಸುಮಾರು 330 ಹರ್ಟ್ಜ್. ಒಡೆಯುವ ಜಾಗ ಶ್ರುತಿಯ ಜೊತೆ ಸರಿಯದೆ ಹಾರ್ಮೋನಿಯಂನ ಒಂದೇ ಮನೆಯಲ್ಲಿ ಕೂತಿದ್ದರೆ ಅದು ರಿಜಿಸ್ಟರ್, ಅಂದರೆ ಸ್ವರತಂತು ಅದುರುವ ಬಗೆ, ಬದಲಾಗುವ ಜಾಗ. ಸರಿಯುತ್ತಾ ಹೋದರೆ ತೊಂದರೆ ಆ ಸಂಗತಿಯಲ್ಲೋ ಸಾಹಿತ್ಯದಲ್ಲೋ ಇರುತ್ತದೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಆದರೆ ಮಾಡುವವರು ಕಡಿಮೆ.

ಪಾಶ್ಚಾತ್ಯ ಪದ್ಧತಿಯ ಗುರುಗಳು ಬ್ಯಾರಿಟೋನ್ ಎನ್ನುವ ನಡುಮಟ್ಟದ ಗಂಡುದನಿಯ ಮೇಲಿನ ತಿರುವು ಇರುವುದು ಹೆಚ್ಚುಕಡಿಮೆ ಈ ಮನೆಯಲ್ಲೇ ಎನ್ನುತ್ತಾರೆ. ಟೆನರ್‌ಗೆ ಒಂದೂವರೆ ಮನೆಯಷ್ಟು ಮೇಲೆ. ಇವನು ಕೂಗಿ ಎಲ್ಲಿಯವರೆಗೆ ಹೋಗಬಲ್ಲ ಎನ್ನುವುದಕ್ಕಿಂತ ಎಲ್ಲಿ ತಿರುಗುತ್ತಾನೆ ಎನ್ನುವುದೇ ಶಾರೀರದ ಜಾತಿ ಹೇಳುತ್ತದೆ. ಇವನು ಬ್ಯಾರಿಟೋನ್. ಎರಡು ಮನೆಯಲ್ಲಿ ಹಾಡಿದರೆ ತಾರಸ್ಥಾಯಿಗೆ ಕಾಲಿಟ್ಟ ತಕ್ಷಣ ತಿರುವು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂದು ಗಂಡಸರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ನಮ್ಮ ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದೂ ನಾದ ದೂರ ಹೋಗಲಿ ಎಂದೇ. ಈಗ ಕತ್ತಿನ ಹತ್ತಿರವೇ ಮೈಕ್ ಇದೆ, ಶ್ರುತಿ ಮಾತ್ರ ಗುರುಪರಂಪರೆಯಲ್ಲಿ ಹಾಗೇ ಉಳಿದಿದೆ. ನಾನು ಒಂದು ಮನೆಗೆ ಇಳಿಸಿದೆ. ಏಳಕ್ಕೆ ಇಳಿಸಿ ಕೈತೊಳೆದುಕೊಳ್ಳಿ ಎಂದವರೂ ಇದ್ದರು, ಒಪ್ಪಲಿಲ್ಲ. ಎಷ್ಟು ಇಳಿಸಿದರೂ ತಿರುವು ಮೂರನೇ ಮನೆ ಬಿಟ್ಟು ಕದಲುವುದಿಲ್ಲ, ಮಂದ್ರ ಮಾತ್ರ ಮಂಕಾಗುತ್ತದೆ.

ನನ್ನ ಹತ್ತಿರ ಬರುವ ಮೊದಲು ಅವನು ಸುರಿದ ದುಡ್ಡು ಕೇಳಿದರೆ ಬೇಜಾರಾಗುತ್ತದೆ. ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಯ ಜ್ಯೇಷ್ಠಮಧು, ಕಷಾಯದ ಪುಡಿ, ಹಬೆ ತೆಗೆದುಕೊಳ್ಳುವ ಯಂತ್ರ, ಎಲ್ಲ ಸೇರಿ ಎರಡು ಸಾವಿರದ ಮೇಲೆ. ಬೆಂಗಳೂರಿನಲ್ಲಿ ಎರಡು ದಿನದ ಶಿಬಿರವೊಂದಕ್ಕೆ ನಾಲ್ಕೋ ನಾಲ್ಕೂವರೆಯೋ ಸಾವಿರ. ಅಲ್ಲಿ ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಪುಸ್ತಕ ಇಟ್ಟು ಉಸಿರಾಡಿಸಿ, "ಸ್‌ಸ್" ಎಂದು ಗಾಳಿ ಬಿಡಿಸಿದ್ದರಂತೆ. ನಲವತ್ತು ಸೆಕೆಂಡ್ ಬಿಡುವಷ್ಟು ಪಳಗಿದ್ದ, ಗಾಂಧಾರ ಒಡೆಯುವುದು ಒಡೆಯುತ್ತಲೇ ಇತ್ತು. ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಸ್ಟ್ರೋಬೋಸ್ಕೋಪಿಗೆ ಮೂರು ಸಾವಿರದ ಹತ್ತಿರ. ಈ ಒಂದು ಖರ್ಚು ಮಾತ್ರ ದಂಡವಾಗಲಿಲ್ಲ, ಸ್ವರತಂತುಗಳ ಮೇಲೆ ಗಂಟು ಇಲ್ಲ ಎಂದು ಖಾತ್ರಿಯಾಯಿತು. ಗಂಟಿದ್ದರೆ ಮುಂದೆ ಬರೆದಿರುವ ಯಾವುದಕ್ಕೂ ಕೈ ಹಾಕಬೇಡಿ. ಎರಡು ಮೂರು ವಾರ ಕಳೆದರೂ ದನಿ ಒರಟಾಗೇ ಇದ್ದರೆ ಮೊದಲು ವೈದ್ಯರು, ಆಮೇಲೆ ಪಾಠ.

ಉಸಿರಿನ ವಿಷಯಕ್ಕೆ ಬರುತ್ತೇನೆ. ಒಬ್ಬ ಮೇಷ್ಟ್ರು "ನಾಭಿಯಿಂದ ಹಾಡು" ಎನ್ನುತ್ತಾರೆ, ಇನ್ನೊಬ್ಬರು "ಹೊಟ್ಟೆ ಒಳಗೆಳೆದು ತಳ್ಳು", ಮತ್ತೊಬ್ಬರು "ಡಯಾಫ್ರಂನಿಂದ ನೂಕು". ಡಯಾಫ್ರಂ ಉಸಿರು ಒಳಗೆ ಎಳೆಯುವ ಸ್ನಾಯು, ಅದರಿಂದ ಹೊರಗೆ ನೂಕಲು ಆಗುವುದೇ ಇಲ್ಲ. ಎದೆ ತುಂಬ ಉಸಿರು ತೆಗೆದುಕೊಂಡಾಗ ಪಕ್ಕೆಲುಬು, ಶ್ವಾಸಕೋಶ ಎರಡೂ ತಾವಾಗಿಯೇ ಕುಗ್ಗಲು ನೋಡುತ್ತವೆ. ಆ ಒತ್ತಡವೇ ಬೇಕಾದ್ದಕ್ಕಿಂತ ಜಾಸ್ತಿ. ಹಾಗಾಗಿ ಸಾಲಿನ ಶುರುವಿನಲ್ಲಿ ಹಾಡುಗಾರನ ಕೆಲಸ ಪಕ್ಕೆಯನ್ನು ಅಗಲಿಸಿಯೇ ಇಟ್ಟುಕೊಂಡು ಗಾಳಿಯನ್ನು ತಡೆಯುವುದು. ಒತ್ತುವ ಕೆಲಸ ಬರುವುದು ಉಸಿರು ಮುಗಿಯುತ್ತಾ ಬಂದಾಗ.

ಇದನ್ನು ಅವನಿಗೆ ವಿವರಿಸಲು ಹೋಗಲಿಲ್ಲ. "ಅರ್ಧ ಉಸಿರು ಮಾತ್ರ ತಗೊಂಡು ತಾರ ಷಡ್ಜದಿಂದ ಗಾಂಧಾರ ಮುಟ್ಟು" ಎಂದೆ. ಒಡೆಯುವುದು ಅರ್ಧಕ್ಕರ್ಧ ಕಡಿಮೆಯಾಯಿತು. "ಇದೇನ್ ಮೇಷ್ಟ್ರೇ, ಉಸ್ರು ಕಮ್ಮಿ ಆದ್ರೆ ಸಲೀಸಾಯ್ತದಲ್ಲ!" ಎಂದು ಅವನೇ ಬೆರಗಾದ. ವರ್ಷಗಟ್ಟಲೆ ದಮ್ಮು ಕಟ್ಟಿ ತಳ್ಳು ಎಂದು ಹೇಳಿಸಿಕೊಂಡವನು.

ಈಗ ಪೈಪಿನ ವಿಷಯ. ನೀರಿನಲ್ಲಿ ಕೊಳವೆ ಮುಳುಗಿಸಿ ದನಿ ಮಾಡುವುದು ಹೊಸದೇನಲ್ಲ, ದನಿಯ ಚಿಕಿತ್ಸೆ ಮಾಡುವವರು ಬಹಳ ಕಾಲದಿಂದ ಮಾಡಿಸುತ್ತಿದ್ದಾರೆ. ನಾನು ಮೊದಲು ಎಳನೀರಿನವರ ಹತ್ತಿರ ಸ್ಟ್ರಾ ತಂದೆ. 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದೆ, ಸಿಕ್ಕಿದ್ದು ಕಾಗದದ್ದು. ಎರಡು ವರಸೆ ಮುಗಿಯುವಷ್ಟರಲ್ಲಿ ಮೆತ್ತಗಾಗಿ ಬಾಯಲ್ಲೇ ಕೂರುತ್ತಿತ್ತು. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪೈಪು ತಂದರೆ ರಂಧ್ರ ಬಹಳ ಕಿರಿದು, ಅವನು ಮತ್ತೆ ತಳ್ಳಲು ಶುರುಮಾಡಿದ. ಕೊನೆಗೆ ಶಿವರಾಂಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆಯವರು ಬಳಸುವ ಲೆವೆಲ್ ಪೈಪು ಒಂದೆರಡು ಮೀಟರ್ ತಂದೆ. ಅರವತ್ತು ರೂಪಾಯಿಯೋ ಏನೋ. ಒಳಗಿನ ಅಗಲ ಒಂದು ಸೆಂಟಿಮೀಟರಿನಷ್ಟು, ಒಂದಡಿಗೆ ಸ್ವಲ್ಪ ಜಾಸ್ತಿ ಉದ್ದಕ್ಕೆ ಕತ್ತರಿಸಿ, ಬಿಸಿನೀರಿನಲ್ಲಿ ತೊಳೆದು, ಒಬ್ಬರಿಗೊಂದು. ಸಿಲಿಕೋನ್ ಪೈಪು ಸಿಕ್ಕಿದರೆ ಇನ್ನೂ ಒಳ್ಳೆಯದು, ವಾಸನೆ ಇರುವುದಿಲ್ಲ.

ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು. ಪೈಪಿನ ತುದಿ ಎರಡು ಸೆಂಟಿಮೀಟರ್ ಮಾತ್ರ ಮುಳುಗಬೇಕು. ತುಟಿ ಪೂರ್ತಿ ಮುಚ್ಚಿ "ಊ" ಎಂದು ಮಧ್ಯ ಪಂಚಮದಿಂದ ತಾರ ಮಧ್ಯಮದವರೆಗೆ ಜಾರುವುದು, ಜಾರಿ ಇಳಿಯುವುದು. ನೀವು ಕಿವಿಯ ಜೊತೆ ಕಣ್ಣನ್ನೂ ಲೋಟದ ಮೇಲಿಡಿ. ಉಸಿರು ಹದದಲ್ಲಿದ್ದರೆ ಗುಳ್ಳೆ ಒಂದೇ ಸಮ ಗುಳುಗುಳು ಏಳುತ್ತವೆ. ಇವನು ರಿಷಭ ದಾಟುವಾಗ ಗುಳ್ಳೆ ದಪ್ಪವಾಗಿ, ನೀರು ಲೋಟದಿಂದ ಮೇಜಿಗೆ ಹಾರುತ್ತಿತ್ತು. ಅದಾದ ಮೇಲೆಯೇ ದನಿ ಒಡೆಯುತ್ತಿತ್ತು. ಅಂದರೆ ಒಡೆಯುವ ಮುಂಚೆಯೇ ತಳ್ಳುತ್ತಿದ್ದಾನೆ. ಅದು ಕಣ್ಣಿಗೆ ಕಂಡ ಮೇಲೆ ತಾನೇ ಸರಿಮಾಡಿಕೊಳ್ಳತೊಡಗಿದ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಆಳ ಹೆಚ್ಚಿಸಿದರೆ ಶಕ್ತಿ ಬರುತ್ತದೆ ಎಂದು ಒಬ್ಬಳು ಶಿಷ್ಯೆ ಮನೆಯಲ್ಲಿ ಉದ್ದ ಚೊಂಬಿನಲ್ಲಿ ಮಾಡಿ ಕತ್ತು ನೋಯಿಸಿಕೊಂಡು ಬಂದಳು. ಎಷ್ಟು ಸೆಂಟಿಮೀಟರ್ ಆಳವೋ ಅಷ್ಟು ನೀರಿನ ಒತ್ತಡವನ್ನು ಮೊದಲು ಗೆಲ್ಲಬೇಕು, ದನಿ ಬರುವುದು ಆಮೇಲೆ.

ಎರಡು ತಿಂಗಳಿಗೆ ಪೈಪಿನಲ್ಲಿ ತಾರ ಪಂಚಮದವರೆಗೂ ಒಡೆಯದೆ ಹೋದ. ಪೈಪು ತೆಗೆದು ಅಕಾರ ಹಾಡಿಸಿದರೆ ಮತ್ತೆ ಅದೇ ಒಡಕು. ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಅದೇ ಸಂಗತಿಯನ್ನು "ಓ" ಎಂದು ಹಾಡಿಸಿದೆ, ಸಲೀಸು. ಹಾಗಾದರೆ ಉಳಿದ ತೊಂದರೆ ಅಕಾರದ್ದು. ಬಾಯಿ ಅಗಲಿಸಿದ "ಆ"ದ ಮೊದಲ ಅನುನಾದ ಹೆಚ್ಚುಕಡಿಮೆ 700 ಹರ್ಟ್ಜ್ ಹತ್ತಿರ. 330ರಲ್ಲಿ ಹಾಡುವಾಗ ದನಿಯ ಎರಡನೇ ಹಾರ್ಮೋನಿಕ್, ಅಂದರೆ ಅದರ ಎರಡರಷ್ಟು, 660, ಅದಕ್ಕೆ ಅಂಟಿಕೊಂಡಂತೆಯೇ ಇರುತ್ತದೆ. ಅದನ್ನು ಬಿಡದೆ ಮೇಲಕ್ಕೆ ಒಯ್ಯಲು ಹಾಡುಗಾರ ಬಾಯಿ ಇನ್ನೂ ಅಗಲಿಸುತ್ತಾನೆ, ಗಂಟಲಿನ ಗುಬ್ಬಿ ಮೇಲೇರುತ್ತದೆ, ಹಾಡು ಕೂಗಾಗುತ್ತದೆ, ಮುಂದಿನ ಸ್ವರಕ್ಕೆ ಒಡೆಯುತ್ತದೆ. ಇವನಿಗೆ ರಿಷಭದಿಂದಲೇ ದವಡೆ ಇದ್ದಷ್ಟೇ ಇರಲಿ, ತುಟಿ ಒಂದು ಚೂರು ಮುಂದೆ ಬರಲಿ, "ಆ" ಸ್ವಲ್ಪ "ಒ" ಕಡೆ ವಾಲಲಿ ಎಂದು ಹೇಳಿದೆ. ಹಾಡುವವನಿಗೆ "ಒ" ಅನ್ನಿಸುತ್ತದೆ, ಎದುರು ಕೂತವರಿಗೆ ಶುದ್ಧ ಅಕಾರವೇ ಕೇಳಿಸುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ತೋರಿಸುವವರೆಗೆ ಅವನು ನಂಬಲಿಲ್ಲ. ಗುಬ್ಬಿಯ ಮೇಲೆ ಬೆರಳಿಟ್ಟುಕೊಂಡು ಹಾಡಿದರೆ ಅದು ಮೇಲೆ ಹಾರುವುದೂ ನಿಲ್ಲುವುದೂ ತಿಳಿಯುತ್ತದೆ.

ಪೈಪಿನಿಂದ ಅಕಾರಕ್ಕೆ ಬರುವ ನಡುವೆ ನಾನು ನಾಲ್ಕು ಅಕ್ಷರಗಳ ಒಂದು ಮೆಟ್ಟಿಲು ಹಾಕಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಶಾರೀರ ಕೇಳದೆ ಕೊಟ್ಟರೆ ಕೆಲವರಿಗೆ ಮೂಗು ಹಿಡಿಯುತ್ತದೆ. ಮೂಗು ಹಿಡಿದಿದೆಯೋ ಎಂದು ನೋಡುವುದು ಸುಲಭ: ಅಕಾರ ಹಾಡುತ್ತಾ ಮೂಗಿನ ಹೊಳ್ಳೆ ಒತ್ತಿ ಬಿಡಲಿ, ದನಿ ಬದಲಾಗಬಾರದು. ಮೂಗಿನ ಬುಡದಲ್ಲಿ, ಹಣೆಯಲ್ಲಿ ಝುಂ ಎನ್ನುವುದು ಬೇರೆ, ಅದು ಇರಲಿ. ನಮ್ಮ ಶಾಸ್ತ್ರದವರು ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು ಎಂದು ಸ್ಥಾನ ಹೇಳಿದ್ದಾರೆ. ಹಾಡುವವನಿಗೆ ಮೈಯಲ್ಲಿ ಅನ್ನಿಸುವುದು ನಿಜಕ್ಕೂ ಹಾಗೆಯೇ. ನಾದ ಹುಟ್ಟುವುದು ಮಾತ್ರ ಮೂರು ಸ್ಥಾಯಿಗೂ ಗಂಟಲಿನ ಅದೇ ತಂತುಗಳಲ್ಲಿ. ಕೆಳಗೆ ದಪ್ಪವಾಗಿ, ಮೇಲೆ ಎಳೆದು ತೆಳುವಾಗಿ ಅದುರುತ್ತವೆ ಅಷ್ಟೆ.

ಇದೇ ಪೈಪನ್ನು ಐದು ಮನೆಯಲ್ಲಿ ಹಾಡುವ ಹುಡುಗಿಯೊಬ್ಬಳ ಮೇಲೂ ಪ್ರಯೋಗಿಸಿದೆ. ಅವಳು ಎದೆಯ ದನಿಯನ್ನೇ ತಾರ ಷಡ್ಜದ ಮೇಲಕ್ಕೂ ಹೊತ್ತುಕೊಂಡು ಹೋಗಿ ರಿಷಭದಲ್ಲಿ ಒಮ್ಮೆಲೇ ಕಳ್ಳದನಿಗೆ ಬೀಳುತ್ತಿದ್ದಳು. ಕೆಳಗಿನಿಂದ ಮೇಲಕ್ಕೆ ಎಷ್ಟು ಜಾರಿಸಿದರೂ ಗುಣ ಕಾಣಲಿಲ್ಲ. ದಿಕ್ಕು ತಿರುಗಿಸಿದೆ: ತಾರ ಪಂಚಮದಲ್ಲಿ ತೆಳುದನಿ ಹಿಡಿದು, ಅದನ್ನು ಬಿಡದೆ ಮಧ್ಯ ಪಂಚಮದವರೆಗೆ ಇಳಿಸುವುದು. ಮೊದಮೊದಲು ದನಿ ಗಾಳಿಗಾಳಿ. ಈಗೀಗ ಗಟ್ಟಿಯಾಗುತ್ತಿದೆ, ನಾಲ್ಕೂವರೆ ಮನೆಗೆ ಇಳಿಸಿದ್ದೂ ಸಹಾಯವಾಗಿದೆ.

ಮಂಡ್ಯದವನಿಗೆ ಒಟ್ಟು ಹಿಡಿದದ್ದು ಎಂಟು ಹತ್ತು ತಿಂಗಳು. ಒಂದು ಮನೆಯಲ್ಲಿ ತಾರ ಮಧ್ಯಮದಲ್ಲಿ ನಿಲ್ಲುತ್ತಾನೆ, ಪಂಚಮ ಮುಟ್ಟಿ ಬರುತ್ತಾನೆ. ನೆಗಡಿಯಾದಾಗ, ನಿದ್ದೆಗೆಟ್ಟಾಗ ಗಾಂಧಾರ ಈಗಲೂ ಅಲುಗುತ್ತದೆ. ಅಂಥ ದಿನ ಕಚೇರಿ ಇದ್ದರೆ ಪಂಚಮದ ಸಂಗತಿಗಳನ್ನು ಬಿಡಿಸಿ, ವೇದಿಕೆ ಹತ್ತುವ ಮುಂಚೆ ಐದು ನಿಮಿಷ ಲೋಟದ ಮುಂದೆ ಕೂರಿಸುತ್ತೇನೆ.